1995 ಮತ್ತು 2005: ಇಸವಿಯನ್ನು ಬಾಯಲ್ಲಿ ಓದುವ ಕ್ರಮ

ಪ್ರಶ್ನೆ: ನಾನು ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ ಕಡೆಯ ಶಾಲೆಯೊಂದರಲ್ಲಿ ಶಿಕ್ಷಕಿ. ವಾರ್ಷಿಕೋತ್ಸವದಲ್ಲಿ ಶಾಲಾ ವರದಿ ಓದುವ ಕೆಲಸ ನನ್ನದಾಗಿತ್ತು. ವರದಿಯ ಮೊದಲ ಸಾಲುಗಳು ಹೀಗಿದ್ದವು: "1995ರಲ್ಲಿ ಆರಂಭವಾದ ನಮ್ಮ ಶಾಲೆಗೆ 2000ರಲ್ಲಿ ಸ್ವಂತ ಕಟ್ಟಡ ದೊರೆಯಿತು. 2005-06ನೇ ಸಾಲಿನಲ್ಲಿ ಎಂಟನೇ ತರಗತಿ ಆರಂಭವಾಗಿ, 2008ರಲ್ಲಿ ಮೊದಲ ತಂಡ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಬರೆಯಿತು." ನಾನು 1995ನ್ನು "ಹತ್ತೊಂಬತ್ತು ತೊಂಬತ್ತೈದು" ಎಂದೂ 2005ನ್ನು "ಎರಡು ಸಾವಿರದ ಐದು" ಎಂದೂ ಓದಿದೆ. ಎರಡೂ ಒಂದಕ್ಕೊಂದು ಹೊಂದುತ್ತಿಲ್ಲ ಎಂದು ನಮ್ಮ ನಿವೃತ್ತ ಮುಖ್ಯೋಪಾಧ್ಯಾಯರು ಆಕ್ಷೇಪಿಸಿದರು. ಇಂಗ್ಲಿಷಿನಲ್ಲೂ ಹೀಗೆಯೇ ಓದುತ್ತೇವಲ್ಲ? ಸರಿಯಾದ ಕ್ರಮ ಯಾವುದು?

ಉತ್ತರ: ನಿಮ್ಮ ಮುಖ್ಯೋಪಾಧ್ಯಾಯರ ಆಕ್ಷೇಪ ನ್ಯಾಯವಾದದ್ದೇ. ಕನ್ನಡದಲ್ಲಿ 1995 ಎಂದರೆ "ಸಾವಿರದ ಒಂಬೈನೂರ ತೊಂಬತ್ತೈದು", 2005 ಎಂದರೆ "ಎರಡು ಸಾವಿರದ ಐದು". ಎರಡನ್ನೂ ಓದುವ ನಿಯಮ ಒಂದೇ. ನೀವು ಓದಿದ ಎರಡರಲ್ಲಿ ಎರಡನೆಯದು ಕನ್ನಡದ ಕ್ರಮದಲ್ಲಿದೆ. ಮೊದಲನೆಯದು ಇಂಗ್ಲಿಷಿನ ಕ್ರಮವನ್ನೇ ಕನ್ನಡ ಪದಗಳಲ್ಲಿ ಹೇಳಿದಂತಿದೆ. ಹೊಂದಾಣಿಕೆ ತಪ್ಪಿದ್ದು ಅಲ್ಲಿಯೇ. ಆದರೆ ವರದಿಯ ಆ ಸಾಲುಗಳಲ್ಲಿ ನೀವು ಕೇಳದೇ ಇರುವ ಇನ್ನೂ ಎರಡು ಮೂರು ತೊಡಕುಗಳಿವೆ. ಹಾಸನದಲ್ಲಿ ನಿರೂಪಣೆ ಕಲಿಯಲು ಬರುವ ಯುವಕ ಯುವತಿಯರು ಎಡವುವುದೂ ಅಲ್ಲಿಯೇ ಆದ್ದರಿಂದ, ನಿಮ್ಮ ಪಠ್ಯವನ್ನೇ ಮುಂದಿಟ್ಟುಕೊಂಡು ವಿವರಿಸುತ್ತೇನೆ.

ಮೊದಲು ನಿಯಮವನ್ನು ನೋಡೋಣ. ಕನ್ನಡದಲ್ಲಿ ಸಂಖ್ಯೆಯನ್ನು ದೊಡ್ಡ ಸ್ಥಾನದಿಂದ ಚಿಕ್ಕ ಸ್ಥಾನಕ್ಕೆ ಇಳಿಯುತ್ತಾ ಹೇಳುತ್ತೇವೆ, ಮತ್ತು ಪ್ರತಿಯೊಂದು ಸ್ಥಾನದ ಪದವೂ ತನ್ನ ಮುಂದಿನ ಪದಕ್ಕೆ ಕೈಚಾಚುವ ರೂಪದಲ್ಲಿ ಇರುತ್ತದೆ. "ಸಾವಿರ" ಎಂಬುದು ಮುಂದೆ ಏನಾದರೂ ಬರುವುದಿದ್ದರೆ "ಸಾವಿರದ" ಎಂದಾಗುತ್ತದೆ. "ನೂರು" ಎಂಬುದು "ನೂರ" ಎಂದಾಗುತ್ತದೆ. ಕೊನೆಯ ಪದ ಮಾತ್ರ ತನ್ನ ಮೂಲ ರೂಪದಲ್ಲಿ ನಿಲ್ಲುತ್ತದೆ. ಹೀಗಾಗಿ "ಸಾವಿರದ ಒಂಬೈನೂರ ತೊಂಬತ್ತೈದು" ಎಂಬಲ್ಲಿ ಮೊದಲ ಎರಡು ಪದಗಳು ಬಾಗಿವೆ, ಮೂರನೆಯದು ನೆಟ್ಟಗಿದೆ. "ಎರಡು ಸಾವಿರದ ಐದು" ಎಂಬಲ್ಲಿ ನೂರರ ಸ್ಥಾನವೂ ಹತ್ತರ ಸ್ಥಾನವೂ ಖಾಲಿ. ಖಾಲಿ ಸ್ಥಾನಕ್ಕೆ ಕನ್ನಡದಲ್ಲಿ ಯಾವ ಪದವೂ ಇಲ್ಲ, ಸಾವಿರದಿಂದ ನೇರವಾಗಿ ಐದಕ್ಕೆ ಇಳಿಯುತ್ತೇವೆ. ಇಸವಿಯಲ್ಲಿ ಒಂದೇ ಸಾವಿರವಿದ್ದಾಗ ಅದರ ಹಿಂದೆ "ಒಂದು" ಎಂದು ಹೇಳುವ ರೂಢಿಯಿಲ್ಲ. "ಒಂದು ಸಾವಿರದ ಒಂಬೈನೂರ" ಎಂಬುದು ಚೆಕ್ಕಿನ ಮೇಲೆ ಮೊತ್ತ ಬರೆಯುವಾಗ, ಮುಂದೆ ಯಾರೂ ಏನನ್ನೂ ಸೇರಿಸದಿರಲಿ ಎಂಬ ಎಚ್ಚರಿಕೆಯಿಂದ ಬರುವ ಮಾತು. ಇಸವಿಯಲ್ಲಿ ಅದು ಹಣದ ಲೆಕ್ಕದಂತೆ ಕೇಳಿಸುತ್ತದೆ.

ಈ ಬಾಗುವಿಕೆಯನ್ನು ಮರೆತು "ಸಾವಿರ ಒಂಬೈನೂರು ತೊಂಬತ್ತೈದು" ಎಂದೋ "ಎರಡು ಸಾವಿರ ಐದು" ಎಂದೋ ಓದುವುದು ಇತ್ತೀಚೆಗೆ ಮಕ್ಕಳ ಬಾಯಲ್ಲಿ ಹೆಚ್ಚಾಗಿದೆ. ಇಂಗ್ಲಿಷ್ ಮಾಧ್ಯಮದಲ್ಲಿ ಎಣಿಕೆ ಕಲಿತ ಮಕ್ಕಳು ಒಂದೊಂದು ಪದವನ್ನೂ ಬೇರೆಬೇರೆಯಾಗಿ ಕನ್ನಡಕ್ಕೆ ತಂದು ಸಾಲಾಗಿ ಜೋಡಿಸುತ್ತಾರೆ. ಕೇಳುವವರಿಗೆ ಅದು ಒಂದು ಸಂಖ್ಯೆಯೆಂದು ಅನಿಸುವುದಿಲ್ಲ, ಮೂರು ಸಂಖ್ಯೆಗಳ ಪಟ್ಟಿಯೆಂದು ಅನಿಸುತ್ತದೆ. ಆ "ದ" ಮತ್ತು "ರ"ಗಳೇ ಸಂಖ್ಯೆ ಇನ್ನೂ ಮುಗಿದಿಲ್ಲ ಎಂದು ಕಿವಿಗೆ ತಿಳಿಸುವ ಗುರುತುಗಳು.

ಇನ್ನು ಇಂಗ್ಲಿಷಿನ ಮಾತು. ಇಂಗ್ಲಿಷಿನಲ್ಲಿ ನಾಲ್ಕು ಅಂಕಿಯ ಇಸವಿಯನ್ನು ನಡುವೆ ಎರಡಾಗಿ ಸೀಳಿ, ಮೊದಲ ಜೋಡಿಯನ್ನು ಒಂದು ಸಂಖ್ಯೆಯಾಗಿಯೂ ಎರಡನೆಯ ಜೋಡಿಯನ್ನು ಇನ್ನೊಂದು ಸಂಖ್ಯೆಯಾಗಿಯೂ ಓದುತ್ತಾರೆ: ನೈಂಟೀನ್, ನೈಂಟಿಫೈವ್. ಇದರ ಹಿಂದೆ "ಹತ್ತೊಂಬತ್ತು ನೂರುಗಳು ಮತ್ತು ತೊಂಬತ್ತೈದು" ಎಂಬ ಎಣಿಕೆಯಿದ್ದು, ನಡುವಿನ "ಹಂಡ್ರೆಡ್" ಎಂಬ ಪದ ಬಿದ್ದುಹೋಗಿದೆ. ಎರಡನೆಯ ಜೋಡಿಯಲ್ಲಿ ಹತ್ತು ಅಥವಾ ಅದಕ್ಕಿಂತ ದೊಡ್ಡ ಸಂಖ್ಯೆ ಇರುವವರೆಗೆ ಈ ಉಪಾಯ ಸಲೀಸಾಗಿ ನಡೆಯುತ್ತದೆ. 2005ಕ್ಕೆ ಬಂದಾಗ ಮಾತ್ರ ಕೆಡುತ್ತದೆ. ಜೋಡಿ ಮಾಡಿ "ಟ್ವೆಂಟಿ ಫೈವ್" ಎಂದರೆ ಅದು ಇಪ್ಪತ್ತೈದು. ನಡುವೆ ಸೊನ್ನೆಯನ್ನು ತೂರಿಸಿ "ಟ್ವೆಂಟಿ ಓ ಫೈವ್" ಎನ್ನುವುದು ಹೆಚ್ಚು ಬಳಕೆಗೆ ಬರಲಿಲ್ಲ. ಆದ್ದರಿಂದ 2000ದಿಂದ 2009ರವರೆಗೆ ಇಂಗ್ಲಿಷಿನವರು ಜೋಡಿಯ ಕ್ರಮವನ್ನು ಬಿಟ್ಟು ಸಾವಿರದ ಕ್ರಮಕ್ಕೆ ಬಂದು "ಟೂ ಥೌಸಂಡ್ ಫೈವ್" ಎಂದರು. ಬ್ರಿಟಿಷ್ ರೂಢಿಯವರು ನಡುವೆ "ಅಂಡ್" ಸೇರಿಸಿದರು. 2010ರಿಂದ ಎರಡೂ ರೀತಿ ಕೇಳಿಬರುತ್ತವೆ, ಈಗ "ಟ್ವೆಂಟಿ ಟ್ವೆಂಟಿಫೋರ್" ಎಂಬ ಜೋಡಿಯ ಕ್ರಮವೇ ಮೇಲುಗೈ ಪಡೆದಿದೆ. ಅಂದರೆ 1995 ಮತ್ತು 2005 ಬೇರೆಬೇರೆಯಾಗಿ ಕೇಳಿಸುವುದು ಇಂಗ್ಲಿಷಿಗೆ ಸಹಜ. ಕನ್ನಡದಲ್ಲಿ ಆ ಇಕ್ಕಟ್ಟೇ ಹುಟ್ಟುವುದಿಲ್ಲ, ಏಕೆಂದರೆ ನಾವು ಇಸವಿಯನ್ನು ನಡುವೆ ಸೀಳುವುದೇ ಇಲ್ಲ. "ಹತ್ತೊಂಬತ್ತು ತೊಂಬತ್ತೈದು" ಎಂದೂ ಈಗೀಗ "ಇಪ್ಪತ್ತು ಇಪ್ಪತ್ನಾಲ್ಕು" ಎಂದೂ ಹೇಳುವವರು, ಇಂಗ್ಲಿಷ್ ಬಿಟ್ಟುಕೊಟ್ಟ "ನೂರು" ಎಂಬ ಪದವನ್ನು ಕನ್ನಡದಲ್ಲೂ ಬಿಟ್ಟುಬಿಡುತ್ತಾರೆ. ಅದು ಇಲ್ಲದೆ ಕನ್ನಡದ ಕಿವಿಗೆ ಉಳಿಯುವುದು ಸಂಬಂಧವಿಲ್ಲದ ಎರಡು ಸಂಖ್ಯೆಗಳು.

ಇಲ್ಲಿ ಒಂದು ವಿನಾಯಿತಿಯನ್ನು ಹೇಳಬೇಕು. "ಹತ್ತೊಂಬತ್ತುನೂರ ತೊಂಬತ್ತೈದು", "ಹದಿನೆಂಟುನೂರ ಐವತ್ತೇಳು" ಎಂದು ನೂರನ್ನು ಬಿಡದೆ ಹೇಳುವ ರೂಢಿ ಕೆಲವರ ಮಾತಿನಲ್ಲಿದೆ. ಮರಾಠಿ, ಹಿಂದಿಗಳಲ್ಲಿ ಇಸವಿಯನ್ನು ಹೇಳುವ ಸಾಮಾನ್ಯ ಕ್ರಮವೇ ಇದು. ಕನ್ನಡದಲ್ಲೂ ಇದನ್ನು ತಪ್ಪೆನ್ನಲಾಗದು, ಏಕೆಂದರೆ ಇಲ್ಲಿ "ನೂರ" ಎಂಬ ಕೊಂಡಿ ಇದೆ. ಆದರೆ ಈ ಕ್ರಮ 1999ಕ್ಕೆ ನಿಲ್ಲುತ್ತದೆ. 2005ನ್ನು "ಇಪ್ಪತ್ತುನೂರ ಐದು" ಎಂದು ಯಾರೂ ಹೇಳುವುದಿಲ್ಲ. ಆದ್ದರಿಂದ ಎರಡು ಶತಮಾನಗಳ ಇಸವಿಗಳು ಒಂದೇ ಪಠ್ಯದಲ್ಲಿ ಬರುವಾಗ, ವೇದಿಕೆಯ ಓದಿಗೆ "ಸಾವಿರದ" ಕ್ರಮವೇ ಲೇಸು ಎಂಬುದು ನನ್ನ ಅಭಿಪ್ರಾಯ. ನಮ್ಮ ಬೇಲೂರಿನ ಚೆನ್ನಕೇಶವ ದೇವಾಲಯದ 1117ನ್ನು "ಸಾವಿರದ ನೂರ ಹದಿನೇಳು" ಎಂದೂ, ಹೊಯ್ಸಳ ದೇವಾಲಯಗಳು ಯುನೆಸ್ಕೋ ಪಟ್ಟಿಗೆ ಸೇರಿದ 2023ನ್ನು "ಎರಡು ಸಾವಿರದ ಇಪ್ಪತ್ತಮೂರು" ಎಂದೂ ಓದಿದರೆ ಒಂಬತ್ತು ಶತಮಾನಗಳ ಅಂತರವಿದ್ದರೂ ಓದಿನ ಲಯ ಬದಲಾಗುವುದಿಲ್ಲ. ಸಾವಿರಕ್ಕಿಂತ ಹಿಂದಿನ ಇಸವಿಗೂ ಇದೇ ಮಾತು: ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನದ "ಕ್ರಿ.ಶ. 450ರ ಸುಮಾರಿನ" ಎಂಬುದನ್ನು "ಕ್ರಿಸ್ತ ಶಕ ನಾನೂರ ಐವತ್ತರ ಸುಮಾರಿನ" ಎಂದು ಓದಬೇಕೇ ಹೊರತು "ನಾಲ್ಕು ಐವತ್ತು" ಎಂದಲ್ಲ. "ಕ್ರಿ.ಶ." ಎಂಬುದನ್ನು ಅಕ್ಷರ ಅಕ್ಷರವಾಗಿ "ಕ್ರಿ ಶ" ಎಂದು ಓದುವವರೂ ಇದ್ದಾರೆ, ಸಂಕ್ಷೇಪ ಕಣ್ಣಿಗೆ, ಬಾಯಿಗೆ ಪೂರ್ಣ ರೂಪ.

ಈಗ ನಿಮ್ಮ ಪಠ್ಯದ ನಿಜವಾದ ತೊಡಕಿಗೆ ಬರೋಣ. ವೇದಿಕೆಯ ಮೇಲೆ ಇಸವಿ ಒಂಟಿಯಾಗಿ ಬರುವುದು ಅಪರೂಪ. ಅದರ ಬೆನ್ನಿಗೆ "ರಲ್ಲಿ", "ರ", "ರಿಂದ", "ಕ್ಕೆ", "ನೇ" ಎಂಬ ಪ್ರತ್ಯಯವೊಂದು ಅಂಟಿಕೊಂಡೇ ಇರುತ್ತದೆ. ಮುದ್ರಣದಲ್ಲಿ ಅಂಕಿಗಳ ಮುಂದೆ ಆ ಪ್ರತ್ಯಯ ಪ್ರತ್ಯೇಕವಾಗಿ ಕಾಣುವುದರಿಂದ ಓದುವವರು ಮೊದಲು ಸಂಖ್ಯೆಯನ್ನು ಪೂರ್ತಿಯಾಗಿ ಓದಿ, ಒಂದು ಕ್ಷಣ ನಿಂತು, ಬಳಿಕ ಪ್ರತ್ಯಯವನ್ನು ಓದುತ್ತಾರೆ: "ತೊಂಬತ್ತೈದು... ರಲ್ಲಿ". ಸಭೆಗಳಲ್ಲಿ ನಾನು ಅತಿ ಹೆಚ್ಚು ಕೇಳುವ ತಪ್ಪು ಇದು. ಬಾಯಿಮಾತಿನಲ್ಲಿ ಯಾರೂ ಹಾಗೆ ಹೇಳುವುದಿಲ್ಲ. "ತೊಂಬತ್ತೈದರಲ್ಲಿ ನಮ್ಮನೆ ಕಟ್ಟಿದ್ದು" ಎಂದು ಸರಾಗವಾಗಿ ಹೇಳುವ ವ್ಯಕ್ತಿಯೇ ಕಾಗದ ಕೈಗೆ ಬಂದೊಡನೆ ಸಂಖ್ಯೆಯನ್ನೂ ಪ್ರತ್ಯಯವನ್ನೂ ಬೇರ್ಪಡಿಸುತ್ತಾನೆ. ಹಿಂದೆ ಹೇಳಿದ ನಿಯಮದ ಪ್ರಕಾರ ಪ್ರತ್ಯಯ ಸೇರುವುದು ಕೊನೆಯ ಪದಕ್ಕೆ ಮಾತ್ರ, ಮತ್ತು ಸೇರುವಾಗ ಆ ಪದದ ಕೊನೆಯ ಉಕಾರ ಹೋಗುತ್ತದೆ: ಐದು ಐದರಲ್ಲಿ ಆಗುತ್ತದೆ, ಎಂಟು ಎಂಟರ ಆಗುತ್ತದೆ, ತೊಂಬತ್ತು ತೊಂಬತ್ತರಿಂದ ಆಗುತ್ತದೆ, ಒಂಬೈನೂರು ಒಂಬೈನೂರರಲ್ಲಿ ಆಗುತ್ತದೆ. "ನೇ" ಸೇರುವಾಗಲೂ "ತೊಂಬತ್ತೈದನೇ ಇಸವಿ" ಎಂದೇ ಹೊರತು "ತೊಂಬತ್ತೈದುನೇ" ಎಂದಲ್ಲ.

ಇದೇ ಜಾಗದಲ್ಲಿ ಸೂಕ್ಷ್ಮವಾದ ಇನ್ನೊಂದು ಸಂಗತಿಯಿದೆ. 2001ನ್ನು "ನೇ" ಸೇರಿಸಿ ಓದುವಾಗ ಕೆಲವರು "ಎರಡು ಸಾವಿರದ ಮೊದಲನೇ ಇಸವಿ" ಎಂದು ಅತಿ ಶುದ್ಧಿಗೆ ಹೋಗುತ್ತಾರೆ. "ಒಂದು" ಒಂಟಿಯಾಗಿದ್ದಾಗ ಕ್ರಮವಾಚಕ "ಮೊದಲನೇ" ಎಂಬುದು ನಿಜ; ಆದರೆ ದೊಡ್ಡ ಸಂಖ್ಯೆಯ ಬಾಲವಾಗಿ ಬಂದಾಗ ಅದು "ಒಂದನೇ" ಎಂದೇ ಇರುತ್ತದೆ. "ಇಪ್ಪತ್ತೊಂದನೇ ಶತಮಾನ" ಎನ್ನುತ್ತೇವಲ್ಲ, ಹಾಗೆಯೇ "ಎರಡು ಸಾವಿರದ ಒಂದನೇ ಇಸವಿ".

ನಿಮ್ಮ ವರದಿಯ 2000 ಮಾತ್ರ ಈ ಗುಂಪಿಗೆ ಸೇರದ ಸಂಖ್ಯೆ. "ಸಾವಿರ" ಎಂಬ ಪದ ಉಕಾರದಲ್ಲಿ ಮುಗಿಯುವುದಿಲ್ಲ, ಅಕಾರದಲ್ಲಿ ಮುಗಿಯುತ್ತದೆ. ಮರ, ಹೊಲ ಎಂಬ ಪದಗಳಂತೆ ಅದಕ್ಕೆ ಸೇರುವುದು "ದಲ್ಲಿ". ಆದ್ದರಿಂದ "2000ರಲ್ಲಿ" ಎಂದು ಅಚ್ಚಾಗಿರುವುದನ್ನು ಅಕ್ಷರಶಃ ಓದಹೊರಟವರ ಬಾಯಿಂದ "ಎರಡು ಸಾವಿರರಲ್ಲಿ" ಎಂಬ, ಕನ್ನಡದಲ್ಲಿ ಇಲ್ಲದ ರೂಪ ಹೊರಡುತ್ತದೆ. ತಪ್ಪು ಓದುಗರದಲ್ಲ, ಬರೆದವರದು: ಉಳಿದ ಎಲ್ಲ ಇಸವಿಗಳಿಗೂ "ರಲ್ಲಿ" ಹಾಕಿ ಅಭ್ಯಾಸವಾದ ಕೈ ಇಲ್ಲಿಯೂ ಅದನ್ನೇ ಹಾಕುತ್ತದೆ. ಬರಹದಲ್ಲಿ "2000ದಲ್ಲಿ" ಎಂದಿರಬೇಕು. ಆದರೆ ನಿಮ್ಮ ವಾಕ್ಯದಲ್ಲಿ ಅಷ್ಟು ತಿದ್ದಿದರೂ ಸಾಲದು. "ಎರಡು ಸಾವಿರದಲ್ಲಿ ಸ್ವಂತ ಕಟ್ಟಡ ದೊರೆಯಿತು" ಎಂದು ಓದಿ ನೋಡಿ. ಕಟ್ಟಡ ಎರಡು ಸಾವಿರ ರೂಪಾಯಿಗೆ ದೊರೆಯಿತು ಎಂದೂ ಕೇಳಿಸುತ್ತದೆ. ಬರಹದಲ್ಲಿ ಈ ಗೊಂದಲವಿಲ್ಲ, ಕಣ್ಣು 2000ವನ್ನು ಇಸವಿಯೆಂದೇ ಗುರುತಿಸುತ್ತದೆ. ಕೇಳುವವನಿಗೆ ಆ ಸುಳಿವು ಇಲ್ಲ. ಆದ್ದರಿಂದ ಈ ಒಂದು ವರ್ಷಕ್ಕೆ "ಇಸವಿ" ಎಂಬ ಪದವನ್ನು ತಪ್ಪದೆ ಸೇರಿಸಿ: "ಎರಡು ಸಾವಿರನೇ ಇಸವಿಯಲ್ಲಿ".

ಮುಂದಿನದು ಶೈಕ್ಷಣಿಕ ಸಾಲು. 2005-06 ಎಂದು ಬರೆಯುವುದು ಕಾಗದದ ಅನುಕೂಲಕ್ಕೆ. ಅಲ್ಲಿರುವ ಸೊನ್ನೆ ಎರಡನೆಯ ವರ್ಷಕ್ಕೂ ಎರಡು ಅಂಕಿ ಇರಲಿ ಎಂದು ಕೂತಿದೆಯೇ ಹೊರತು ಬಾಯಿಗೆ ಬರಲು ಅಲ್ಲ. "ಎರಡು ಸಾವಿರದ ಐದು ಸೊನ್ನೆ ಆರನೇ ಸಾಲಿನಲ್ಲಿ" ಎಂದು ಓದಿದರೆ ಅದು ದೂರವಾಣಿ ಸಂಖ್ಯೆಯಂತೆ ಕೇಳಿಸುತ್ತದೆ. "ಎರಡು ಸಾವಿರದ ಐದು, ಆರನೇ ಸಾಲಿನಲ್ಲಿ" ಎಂದರೆ ಸಾಕು. ನಡುವಿನ ಗೆರೆಯನ್ನು "ಡ್ಯಾಶ್" ಎಂದೂ "ರಿಂದ" ಎಂದೂ ಓದಬೇಕಾಗಿಲ್ಲ. "ಐದರಿಂದ ಆರರವರೆಗೆ" ಎಂದರೆ ಎರಡು ವರ್ಷಗಳ ಅವಧಿ ಎಂಬ ಅರ್ಥ ಬಂದೀತು, "ಸಾಲು" ಎಂಬುದು ಒಂದೇ ಶೈಕ್ಷಣಿಕ ವರ್ಷ. ಅರೆಗಳಿಗೆಯ ತಡೆ ಗೆರೆಯ ಕೆಲಸವನ್ನು ಮಾಡುತ್ತದೆ. "ನೇ" ಎರಡನೆಯ ಸಂಖ್ಯೆಗೆ ಮಾತ್ರ ಸೇರುತ್ತದೆ. 1999-2000 ಎಂಬ ಸಾಲು ಬಂದರೆ ಎರಡನೆಯ ವರ್ಷವನ್ನೂ ಪೂರ್ತಿಯಾಗಿ ಓದಬೇಕು: "ಸಾವಿರದ ಒಂಬೈನೂರ ತೊಂಬತ್ತೊಂಬತ್ತು, ಎರಡು ಸಾವಿರನೇ ಸಾಲಿನ".

ಈವರೆಗೆ ಹೇಳಿದ್ದು ರೂಪದ ಮಾತು. ರೂಪ ಸರಿಯಿದ್ದೂ ಕೇಳುವವರಿಗೆ ಬೇರೆ ಇಸವಿಯೇ ಕೇಳಿಸುವ ಸಂದರ್ಭಗಳಿವೆ, ಮತ್ತು ಮೈಕಿನ ಮುಂದೆ ಅವೇ ಹೆಚ್ಚು ಅಪಾಯಕಾರಿ. ನಿಮ್ಮ ಕೊಪ್ಪದ ಕಡೆಯದೇ ಉದಾಹರಣೆ ಕೊಡುತ್ತೇನೆ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಆರಂಭವಾದದ್ದು 1925ರಲ್ಲಿ. ಇದನ್ನು "ಸಾವಿರದ ಒಂಬೈನೂರ ಇಪ್ಪತ್ತೈದರಲ್ಲಿ" ಎಂದು ವೇಗವಾಗಿ ಓದಿದರೆ "ಒಂಬೈನೂರ" ಎಂಬುದರ ಕೊನೆಯ ಸ್ವರವೂ "ಇಪ್ಪತ್ತೈದು" ಎಂಬುದರ ಮೊದಲ ಸ್ವರವೂ ಒಂದರೊಳಗೊಂದು ಬೆರೆತು, ಸಭಾಂಗಣದ ಹಿಂದಿನ ಸಾಲಿನಲ್ಲಿ ಕುಳಿತವರಿಗೆ ಅದು "ಎಪ್ಪತ್ತೈದರಲ್ಲಿ" ಎಂದು ಕೇಳಿಸಬಹುದು. ಇಪ್ಪತ್ತಕ್ಕೂ ಎಪ್ಪತ್ತಕ್ಕೂ ಇರುವ ವ್ಯತ್ಯಾಸ ಒಂದು ಮೊದಲ ಸ್ವರದ್ದು ಮಾತ್ರ. ಆ ಸ್ವರವನ್ನೇ ಸಂಧಿ ನುಂಗಿದರೆ ಕೇಂದ್ರದ ವಯಸ್ಸಿನಲ್ಲಿ ಅರ್ಧ ಶತಮಾನ ಕಳೆದುಹೋಗುತ್ತದೆ. ಪರಿಹಾರ ಸರಳ: "ಒಂಬೈನೂರಾ" ಎಂದು "ರ"ವನ್ನು ಸ್ವಲ್ಪ ಎಳೆದು, ಅಲ್ಲಿ ಕೂದಲೆಳೆಯಷ್ಟು ತಡೆದು, "ಇಪ್ಪತ್ತೈದರಲ್ಲಿ" ಎಂಬುದನ್ನು ಹೊಸ ಉಸಿರಿನಂತೆ ಎತ್ತಿಕೊಳ್ಳುವುದು. ಹಿರಿಯರು "ನೂರಾ ಒಂದು", "ನೂರಾ ಎಂಟು" ಎಂದು ಎಳೆದು ಹೇಳುತ್ತಿದ್ದುದು ಸುಮ್ಮನೆ ಅಲ್ಲ; ಎರಡು ಸ್ವರಗಳು ಡಿಕ್ಕಿ ಹೊಡೆಯುವ ಜಾಗವನ್ನು ಆ ದೀರ್ಘ ಬಿಡಿಸಿ ಇಡುತ್ತದೆ.

ಇದೇ ಬಗೆಯ ಇನ್ನೊಂದು ಜೋಡಿ 1909 ಮತ್ತು 1990. ಮೊದಲನೆಯದು "ಒಂಬೈನೂರ ಒಂಬತ್ತು", ಎರಡನೆಯದು "ಒಂಬೈನೂರ ತೊಂಬತ್ತು". ನಡುವೆ ಇರುವುದು ಒಂದು ತಕಾರ. ಇಲ್ಲಿ ಎಳೆಯುವುದರ ಜೊತೆಗೆ "ತೊಂ" ಎಂಬುದಕ್ಕೆ ಒತ್ತು ಕೊಡಬೇಕು. ಕುವೆಂಪು ಅವರು ಹುಟ್ಟಿದ್ದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, 1904ರ ಡಿಸೆಂಬರ್ 29ರಂದು. ಆ 1904ನ್ನು "ಹತ್ತೊಂಬತ್ತು ಸೊನ್ನೆ ನಾಲ್ಕು" ಎಂದು ಓದಿದ್ದನ್ನು ಜಯಂತಿಯ ಸಭೆಗಳಲ್ಲಿ ಕೇಳಿದ್ದೇನೆ. ಸೊನ್ನೆಯನ್ನು ಬಾಯಿಗೆ ತಂದವರ ಆತಂಕ ಅರ್ಥವಾಗುವಂಥದ್ದು: ಜೋಡಿಯ ಕ್ರಮದಲ್ಲಿ "ಹತ್ತೊಂಬತ್ತು ನಾಲ್ಕು" ಎಂದರೆ ಅದು ಇಸವಿಯೇ ಅಲ್ಲ. "ಸಾವಿರದ ಒಂಬೈನೂರ ನಾಲ್ಕು" ಎಂದು ಓದುವವರಿಗೆ ಆ ಆತಂಕವೇ ಬೇಕಿಲ್ಲ. 1940 ಆಗಿದ್ದರೆ "ನಲವತ್ತು" ಎನ್ನುತ್ತಿದ್ದರು, "ನಾಲ್ಕು" ಎಂದ ಮೇಲೆ ಅದು ನಾಲ್ಕೇ.

ಇಂಗ್ಲಿಷಿನಲ್ಲಿ ಇಸವಿ ಹೇಳುವ ನಮ್ಮವರ ಎಡವಟ್ಟೂ ಒಂದಿದೆ. "ನೈಂಟೀನ್" ಮತ್ತು "ನೈಂಟಿ" ಎಂಬುವನ್ನು ಒಂದೇ ಸಮನೆ ಹೇಳಿಬಿಡುವುದರಿಂದ 1919ಕ್ಕೂ 1990ಕ್ಕೂ ವ್ಯತ್ಯಾಸ ಉಳಿಯುವುದಿಲ್ಲ. ಇಂಗ್ಲಿಷಿನವರು "ಟೀನ್" ಎಂಬುದನ್ನು ಎಳೆದು ಒತ್ತುತ್ತಾರೆ, "ನೈಂಟಿ"ಯಲ್ಲಿ ಮೊದಲ ಭಾಗವನ್ನು ಒತ್ತುತ್ತಾರೆ. ಕನ್ನಡ ವಾಕ್ಯದ ನಡುವೆ ಇಂಗ್ಲಿಷ್ ಇಸವಿ ಬಂದರೆ ಬಾನುಲಿಯಲ್ಲೋ ವೇದಿಕೆಯಲ್ಲೋ ಅದನ್ನು ಕನ್ನಡದಲ್ಲೇ ಹೇಳುವುದು ಒಳ್ಳೆಯದು. ಮನೆಯ ಮಾತಿನಲ್ಲಿ "ನೈಂಟಿಫೈವ್‌ನಲ್ಲಿ" ಎಂದರೆ ಯಾರ ತಕರಾರೂ ಇರಬೇಕಿಲ್ಲ.

ಮನೆಯ ಮಾತೆಂದರೆ ನೆನಪಾಯಿತು. ನಾವು ದಿನನಿತ್ಯ ಶತಮಾನವನ್ನು ಬಿಟ್ಟು ಹೇಳುವವರೇ. ಇಂದಿರಾ ಗಾಂಧಿಯವರು ಚಿಕ್ಕಮಗಳೂರಿನಿಂದ ಗೆದ್ದ 1978ರ ಉಪಚುನಾವಣೆಯನ್ನು ಆ ಊರಿನಲ್ಲಿ ಇಂದಿಗೂ "ಎಪ್ಪತ್ತೆಂಟರ ಎಲೆಕ್ಷನ್" ಎನ್ನುತ್ತಾರೆ. 1995 ಆದರೆ "ತೊಂಬತ್ತೈದರಲ್ಲಿ". ನೀವು ಕಂಡ ಹೊಂದಾಣಿಕೆಯ ಕೊರತೆ ಕನ್ನಡದಲ್ಲಿ ನಿಜವಾಗಿ ಇರುವುದು ಈ ಮೊಟಕು ರೂಪದಲ್ಲಿ ಮಾತ್ರ. 2005ನ್ನು "ಐದರಲ್ಲಿ" ಎಂದು ಮೊಟಕು ಮಾಡಲಾಗದು; "ಐದರಲ್ಲಿ ನಾವು ಒಟ್ಟಿಗೆ ಓದಿದ್ದು" ಎಂದರೆ ಕೇಳಿದವರು ಐದನೇ ತರಗತಿ ಎಂದುಕೊಳ್ಳುತ್ತಾರೆ. 2001ರಿಂದ 2009ರವರೆಗಿನ ವರ್ಷಗಳಿಗೆ ಆದ್ದರಿಂದ ಆಡುಮಾತಿನಲ್ಲೂ ಪೂರ್ಣ ರೂಪವೇ ಬೇಕಾಗುತ್ತದೆ. "ಹದಿನೆಂಟರ ಚುನಾವಣೆ", "ಇಪ್ಪತ್ಮೂರರ ಚುನಾವಣೆ" ಎಂಬ ಮೊಟಕು ರೂಪಗಳು ಮತ್ತೆ ಬಳಕೆಗೆ ಬಂದಿವೆ.

ಮೊಟಕು ರೂಪವನ್ನು ವೇದಿಕೆಗೆ ತರುವ ಮುನ್ನ ಮಾತ್ರ ಪಠ್ಯವನ್ನು ಪೂರ್ತಿ ನೋಡಬೇಕು. ಶ್ರವಣಬೆಳಗೊಳದ ಪರಿಚಯ ಹೇಳುವ ಮಾರ್ಗದರ್ಶಕರು ಎದುರಿಸುವ ಸನ್ನಿವೇಶ ಇದಕ್ಕೆ ಒಳ್ಳೆಯ ಪಾಠ. ಗೊಮ್ಮಟ ಮೂರ್ತಿಯ ಪ್ರತಿಷ್ಠಾಪನೆಗೆ ಸಾಂಪ್ರದಾಯಿಕವಾಗಿ ಹೇಳುವ ವರ್ಷ 981. ಅದರ ಸಹಸ್ರಮಾನದ ಮಹಾಮಸ್ತಕಾಭಿಷೇಕ ನಡೆದದ್ದು 1981ರಲ್ಲಿ. ಆಮೇಲೆ 1993, 2006, 2018. ಇಲ್ಲಿ "ಎಂಬತ್ತೊಂದರಲ್ಲಿ" ಎಂದು ಮೊಟಕಾಗಿ ಹೇಳಿದರೆ ಯಾವ ಎಂಬತ್ತೊಂದು? "ಒಂಬೈನೂರ ಎಂಬತ್ತೊಂದರಲ್ಲಿ" ಎಂದರೂ ಸಾಲದು, ಏಕೆಂದರೆ "ಸಾವಿರದ" ಎಂಬುದನ್ನು ನುಂಗಿ "ಒಂಬೈನೂರ ಎಂಬತ್ತೊಂದು" ಎಂದೇ 1981ನ್ನು ಹೇಳುವ ಅವಸರದವರು ನಮ್ಮ ನಡುವೆ ಇದ್ದಾರೆ. ಇಂಥ ಕಡೆ ಹಳೆಯ ವರ್ಷಕ್ಕೆ "ಕ್ರಿಸ್ತ ಶಕ ಒಂಬೈನೂರ ಎಂಬತ್ತೊಂದರಲ್ಲಿ" ಎಂದೂ ಹೊಸತಕ್ಕೆ "ಸಾವಿರದ ಒಂಬೈನೂರ ಎಂಬತ್ತೊಂದರಲ್ಲಿ" ಎಂದೂ ಪೂರ್ಣವಾಗಿ ಹೇಳಿ, "ಸಾವಿರದ" ಎಂಬುದನ್ನೇ ಎದ್ದು ಕೇಳುವಂತೆ ಉಚ್ಚರಿಸಬೇಕು. ಎರಡೂ ವರ್ಷಗಳನ್ನು ಬೇರೆ ಮಾಡುವುದು ಆ ಒಂದು ಪದ.

ಉಚ್ಚಾರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಂಬತ್ತು, ತೊಂಬತ್ತು, ಒಂಬತ್ತು, ಒಂಬೈನೂರು ಇವುಗಳಲ್ಲಿ ಇರುವುದು ಅಲ್ಪಪ್ರಾಣದ ಬಕಾರ. "ಎಂಭತ್ತು", "ತೊಂಭತ್ತು" ಎಂದು ಭಕಾರ ಹಾಕಿ ಬರೆಯುವುದೂ ಒತ್ತಿ ಓದುವುದೂ ಶುದ್ಧ ಉಚ್ಚಾರವೆಂಬ ಭ್ರಮೆಯಿಂದ ಬಂದದ್ದು. "ಸಾವ್ರದ್ ಒಂಬೈನೂರ್ ತೊಂಬತ್ತೈದ್ರಲ್ಲಿ" ಎಂಬುದು ಹಾಸನದ ಸಂತೆಯಲ್ಲೂ ಚಿಕ್ಕಮಗಳೂರಿನ ಬಸ್ ನಿಲ್ದಾಣದಲ್ಲೂ ಕೇಳಿಬರುವ ಸಹಜ ಮಾತು. ಸ್ವರಗಳು ಬಿದ್ದಿದ್ದರೂ ಅಲ್ಲಿ ನಿಯಮ ಮುರಿದಿಲ್ಲ. ಔಪಚಾರಿಕ ಓದಿನಲ್ಲಿ ಆ ಸ್ವರಗಳನ್ನು ತುಂಬಿ ಹೇಳಿದರೆ ಆಯಿತು.

ಇಷ್ಟನ್ನು ಇಟ್ಟುಕೊಂಡು ನಿಮ್ಮ ಸಾಲುಗಳನ್ನು ಓದುವ ಪ್ರತಿಯಾಗಿ ಬರೆದರೆ ಹೀಗಾಗುತ್ತದೆ: "ಸಾವಿರದ ಒಂಬೈನೂರ ತೊಂಬತ್ತೈದರಲ್ಲಿ ಆರಂಭವಾದ ನಮ್ಮ ಶಾಲೆಗೆ ಎರಡು ಸಾವಿರನೇ ಇಸವಿಯಲ್ಲಿ ಸ್ವಂತ ಕಟ್ಟಡ ದೊರೆಯಿತು. ಎರಡು ಸಾವಿರದ ಐದು, ಆರನೇ ಸಾಲಿನಲ್ಲಿ ಎಂಟನೇ ತರಗತಿ ಆರಂಭವಾಗಿ, ಎರಡು ಸಾವಿರದ ಎಂಟರಲ್ಲಿ ಮೊದಲ ತಂಡ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಬರೆಯಿತು." ಎರಡನೆಯ ವಾಕ್ಯವನ್ನು ಒಮ್ಮೆ ಬಾಯಲ್ಲಿ ಹೇಳಿ ನೋಡಿ. "ಐದು, ಆರನೇ ಸಾಲಿನಲ್ಲಿ ಎಂಟನೇ ತರಗತಿ" ಎಂಬಲ್ಲಿ ಮೂರು ಚಿಕ್ಕ ಸಂಖ್ಯೆಗಳು ಬೆನ್ನುಬೆನ್ನಿಗೆ ಬಂದಿವೆ, ಸ್ವಲ್ಪ ಮುಂದೆ "ಎಂಟರಲ್ಲಿ" ಎಂಬ ಇನ್ನೊಂದು ಎಂಟು ಇದೆ. ಎಲ್ಲವೂ ವ್ಯಾಕರಣಕ್ಕೆ ಸರಿ. ಕೇಳುವವರಿಗೆ ಮಾತ್ರ ಯಾವುದು ವರ್ಷ, ಯಾವುದು ತರಗತಿ ಎಂದು ಬಿಡಿಸಿಕೊಳ್ಳಲು ಸಮಯ ಸಿಗುವುದಿಲ್ಲ. ಇಂಥಲ್ಲಿ ಓದುವ ರೀತಿಗಿಂತ ವಾಕ್ಯವನ್ನೇ ತಿದ್ದುವುದು ಜಾಣತನ. "ಎಂಟನೇ ತರಗತಿ ಆರಂಭವಾಗಿ" ಎಂಬುದನ್ನು "ಪ್ರೌಢಶಾಲಾ ವಿಭಾಗ ಆರಂಭವಾಯಿತು" ಎಂದು ಬದಲಿಸಿ ಅಲ್ಲಿಗೇ ವಾಕ್ಯ ಮುಗಿಸಿ. ಮುಂದಿನದನ್ನು "ಮೊದಲ ತಂಡ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಬರೆದದ್ದು ಎರಡು ಸಾವಿರದ ಎಂಟರಲ್ಲಿ" ಎಂದು ಪ್ರತ್ಯೇಕವಾಗಿ ಹೇಳಿ.

ಮುಂದಿನ ವರ್ಷ ವರದಿ ಸಿದ್ಧವಾದಾಗ ಇಸವಿಯ ಅಂಕಿಗಳ ಮೇಲೆ ಪೆನ್ಸಿಲ್ಲಿನಲ್ಲಿ ಪದಗಳನ್ನು ಪ್ರತ್ಯಯ ಸಮೇತ ಬರೆದುಕೊಳ್ಳಿ. "ತೊಂಬತ್ತೈದರಲ್ಲಿ" ಎಂದು ಒಂದೇ ಪದವಾಗಿ ಕಣ್ಣೆದುರು ಇದ್ದರೆ ಬಾಯಿ ಅದನ್ನು ಒಡೆಯುವುದಿಲ್ಲ. ಬಳಿಕ ಸಹೋದ್ಯೋಗಿಯೊಬ್ಬರನ್ನು ಕೊಠಡಿಯ ಹಿಂದಿನ ಬೆಂಚಿನಲ್ಲಿ ಕೂರಿಸಿ, ಪಠ್ಯವನ್ನು ಅವರಿಗೆ ತೋರಿಸದೆ, ಸಭೆಯಲ್ಲಿ ಓದುವ ವೇಗದಲ್ಲೇ ಓದಿ, ಕೇಳಿದ ಇಸವಿಗಳನ್ನು ಅಂಕಿಯಲ್ಲಿ ಬರೆಯಲು ಹೇಳಿ. ಅವರ ಹಾಳೆಯಲ್ಲಿ 2005ರ ಜಾಗದಲ್ಲಿ 2056 ಎಂದಿದ್ದರೆ "ಐದು" ಮತ್ತು "ಆರನೇ" ನಡುವೆ ನೀವು ತಡೆಯಲಿಲ್ಲ ಎಂದರ್ಥ. ಖಾಲಿ ಬಿಟ್ಟಿದ್ದರೆ ಅವರು ಅದನ್ನು ಇಸವಿಯೆಂದೇ ಗುರುತಿಸಲಿಲ್ಲ, ಅಲ್ಲಿ "ಇಸವಿ" ಎಂಬ ಪದ ಸೇರಿಸಬೇಕು.